ಹಾಲೋ ಬ್ಲಾಕ್ ಒಳಗಿನ ಗಾಳಿ ಮನೆಯನ್ನು ತಂಪಾಗಿಡುತ್ತದೆಯೇ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಮನೆ ಕಟ್ಟಿಸ್ತಾ ಇದ್ದೇವೆ. ಸುಟ್ಟ ಮಣ್ಣಿನ ಇಟ್ಟಿಗೆ, ಫ್ಲೈ ಆಶ್ ಇಟ್ಟಿಗೆ, ಹಾಲೋ ಬ್ಲಾಕ್ – ಈ ಮೂರರಲ್ಲಿ ಯಾವುದು ಗಟ್ಟಿ, ಯಾವುದು ತಂಪು? ಹಾಲೋ ಬ್ಲಾಕ್ ಒಳಗೆ ಗಾಳಿ ಇರೋದ್ರಿಂದ ಮನೆ ತಣ್ಣಗಿರುತ್ತೆ ಅಂತ ಮೇಸ್ತ್ರಿ ಹೇಳ್ತಾರೆ. ನಿಜವಾ?

ಮಳೆ ನಿಂತು ಪಾಯ ತೆಗೆಯುವ ಹೊತ್ತಿಗೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಈ ಸಲ ಲೆಕ್ಕ ಸಮೇತ ಹೇಳುತ್ತೇನೆ, ಮೇಸ್ತ್ರಿಗೂ ತೋರಿಸಿ.

ಮೊದಲು ಗಟ್ಟಿತನದ ವಿಷಯ ಮುಗಿಸಿಬಿಡೋಣ, ಅದು ಅಷ್ಟು ದೊಡ್ಡ ತಲೆನೋವಲ್ಲ. ಪಿಲ್ಲರ್, ಬೀಮ್ ಹಾಕಿ ಕಟ್ಟುವ ಮನೆಯಲ್ಲಿ ಗೋಡೆ ಹೊರುವುದು ತನ್ನ ಭಾರವನ್ನು ಮಾತ್ರ. ಅಲ್ಲಿ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಪಿಲ್ಲರ್ ಇಲ್ಲದೆ ಗೋಡೆ ಮೇಲೇ ತಾರಸಿ ಕೂರಿಸುವುದಾದರೆ ಮಾತ್ರ ಲೆಕ್ಕ ಬೇಕು. ಹನ್ನೆರಡು ಅಡಿಯ ಎರಡು ಕೋಣೆಗಳ ನಡುವಿನ ಗೋಡೆ, ಮೇಲೆ ಇನ್ನೊಂದು ಮಹಡಿ ಅಂತ ಇಟ್ಟುಕೊಳ್ಳಿ. ಎರಡು ತಾರಸಿ, ಎರಡು ಮಹಡಿಯ ಗೋಡೆ, ಜನ, ಸಾಮಾನು ಎಲ್ಲ ಸೇರಿ ಕೆಳಗಿನ ಗೋಡೆಯ ಒಂದೊಂದು ಮೀಟರ್ ಉದ್ದದ ಮೇಲೆ ಸುಮಾರು ಏಳು ಟನ್ ಭಾರ ಬೀಳುತ್ತದೆ. ಒಂಬತ್ತು ಇಂಚಿನ ಗೋಡೆಗೆ ಇದನ್ನು ಹಂಚಿದರೆ ಚದರ ಮಿಲಿಮೀಟರಿಗೆ 0.3 ನ್ಯೂಟನ್ ಆಗುತ್ತದೆ.

ಇದೇ ಅಳತೆಯಲ್ಲಿ ಇಟ್ಟಿಗೆಯ ಶಕ್ತಿ 3.5 ಇದ್ದರೆ ಗೋಡೆಗೂ ಅಷ್ಟೇ ಶಕ್ತಿ ಇರುತ್ತದೆ ಅಂತ ತಿಳಿಯಬೇಡಿ. ನಡುವೆ ಗಾರೆ ಇದೆ, ಗೋಡೆ ಎತ್ತರಕ್ಕೆ ನಿಂತಿದೆ. ಹಾಗಾಗಿ ಇಟ್ಟಿಗೆಯ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಪಾಲನ್ನು ಮಾತ್ರ ನಂಬಿ ಭಾರ ಹೊರಿಸುತ್ತಾರೆ. 3.5ರ ಇಟ್ಟಿಗೆಗೆ 0.35 ಬಂತು. ನಮ್ಮ 0.3 ಅದರೊಳಗೆ ಕೂರುತ್ತದೆ, ಆದರೆ ಅಂಚಿನಲ್ಲಿ. 5 ಇದ್ದರೆ ನೆಮ್ಮದಿ. ಸುಟ್ಟ ಇಟ್ಟಿಗೆಗೆ ಐಎಸ್ 1077, ಹಾಲೋ ಬ್ಲಾಕಿಗೆ ಐಎಸ್ 2185 ಅನ್ನುವ ಮಾನದಂಡ ಇದೆ. ಎರಡರಲ್ಲೂ ಶಕ್ತಿ 3.5ರಿಂದಲೇ ಶುರುವಾಗುತ್ತದೆ. ಸರಿಯಾಗಿ ಮಾಡಿದ ಫ್ಲೈ ಆಶ್ ಇಟ್ಟಿಗೆ 7.5 ದಾಟುತ್ತದೆ. ಕಾಗದದ ಮೇಲೆ ಅದೇ ಗಟ್ಟಿ. ಆದರೆ ‘ಸರಿಯಾಗಿ ಮಾಡಿದ’ ಅನ್ನುವುದೇ ಮುಖ್ಯ. ಹಾರುಬೂದಿ ಸುಣ್ಣದ ಜೊತೆಗೋ ಸಿಮೆಂಟಿನ ಜೊತೆಗೋ ಸೇರಿ ಗಟ್ಟಿಯಾಗುವುದು ನಿಧಾನ. ಎರಡು ಮೂರು ವಾರ ನೀರು ಹಾಕಿ ಕ್ಯೂರಿಂಗ್ ಮಾಡಲೇಬೇಕು. ಅರ್ಜೆಂಟಿಗೆ ಒಂದೇ ವಾರದಲ್ಲಿ ಲಾರಿ ಹತ್ತಿಸಿದ ಇಟ್ಟಿಗೆ ನೋಡಲು ನುಣುಪಾಗೇ ಇರುತ್ತದೆ. ಒಂದನ್ನು ರಾತ್ರಿ ನೀರಿನಲ್ಲಿ ನೆನೆಸಿಡಿ. ಬೆಳಿಗ್ಗೆ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದಾಗ ಪುಡಿ ಉದುರಿದರೆ ಆ ಲೋಡ್ ವಾಪಸ್ ಕಳಿಸಿ.

ಈಗ ಗಾಳಿಯ ಮಾತಿಗೆ ಬರೋಣ. ‘ಗಾಳಿ ಶಾಖವನ್ನು ಬಿಡುವುದಿಲ್ಲ, ಬ್ಲಾಕ್ ಒಳಗೆ ಗಾಳಿ ಇದೆ, ಆದ್ದರಿಂದ ಮನೆ ತಂಪು.’ ಇದರಲ್ಲಿ ಮೊದಲ ಮಾತು ಅರ್ಧ ನಿಜ. ನಿಂತ ಗಾಳಿ ಶಾಖವನ್ನು ಬಿಡುವುದಿಲ್ಲ. ಓಡಾಡುವ ಗಾಳಿ ಹೊತ್ತುಕೊಂಡೇ ಹೋಗುತ್ತದೆ.

ಎಂಟು ಇಂಚಿನ ಒಂದು ಹಾಲೋ ಬ್ಲಾಕನ್ನು ಎತ್ತಿ ಅಡಿ ಮೇಲು ಮಾಡಿ ನೋಡಿ. ಎರಡು ದೊಡ್ಡ ತೂತು, ಒಂದೊಂದರಲ್ಲೂ ಕೈ ಆರಾಮಾಗಿ ಆಡುತ್ತದೆ. ಹೊರಗೆ ಒಂದು ಕಾಂಕ್ರೀಟ್ ಗೋಡೆ, ಒಳಗೆ ಒಂದು, ಒಂದೊಂದೂ ಒಂದೂಕಾಲು ಇಂಚಿನಷ್ಟು ದಪ್ಪ. ಅವೆರಡನ್ನೂ ಹಿಡಿದುಕೊಂಡು ಮೂರು ಅಡ್ಡಗೋಡೆ. ಪಶ್ಚಿಮದ ಬಿಸಿಲಿಗೆ ಹೊರಗಿನ ಗೋಡೆ ಕಾಯುತ್ತದೆ. ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ತೂತಿನೊಳಗೆ ಮೇಲೇರುತ್ತದೆ, ಒಳಗಿನ ಗೋಡೆಗೆ ಶಾಖ ಕೊಟ್ಟು ತಣ್ಣಗಾಗಿ ಕೆಳಗಿಳಿಯುತ್ತದೆ, ಮತ್ತೆ ಮೇಲೇರುತ್ತದೆ. ಇದಲ್ಲದೆ ಕಾದ ಗೋಡೆ ಎದುರಿನ ಗೋಡೆಗೆ ಬೆಂಕಿಯ ಝಳದ ಹಾಗೆ ನೇರವಾಗಿ ಶಾಖ ಬೀರುತ್ತದೆ. ತೂತು ದಾಟುವ ಶಾಖದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಹೀಗೆ. ಇದಕ್ಕೆ ಗಾಳಿಯ ಅಡ್ಡಿಯೇ ಇಲ್ಲ.

ಐದು ಇಂಚು ಗಾಳಿ ಅಲ್ಲಾಡದೆ ನಿಂತಿದ್ದರೆ ಎಷ್ಟು ಶಾಖ ತಡೆಯಬಹುದಿತ್ತೋ, ಈ ತೂತು ಅದರ ಇಪ್ಪತ್ತೈದನೇ ಒಂದು ಪಾಲನ್ನೂ ತಡೆಯುವುದಿಲ್ಲ. ತೂತನ್ನು ಎರಡು ಇಂಚಿನಿಂದ ಐದು ಇಂಚಿಗೆ ಹಿಗ್ಗಿಸಿದರೂ ಲಾಭ ಹೆಚ್ಚುಕಮ್ಮಿ ಅಷ್ಟೇ. ಕಂಬಳಿ ಬೆಚ್ಚಗಿಡುವುದು ಉಣ್ಣೆಯ ಎಳೆಗಳ ನಡುವೆ ಗಾಳಿ ಚೂರುಚೂರಾಗಿ ಸಿಕ್ಕಿಕೊಂಡು ಅಲ್ಲಾಡದೆ ಇರುವುದರಿಂದ. ಎಎಸಿ ಬ್ಲಾಕಿನ, ಥರ್ಮೋಕೋಲಿನ ಗುಟ್ಟೂ ಅದೇ, ಸಣ್ಣ ಸಣ್ಣ ಗುಳ್ಳೆಗಳು. ಹಾಲೋ ಬ್ಲಾಕಿನಲ್ಲಿ ಗುಳ್ಳೆ ಇಲ್ಲ, ಬರೀ ದೊಡ್ಡ ತೂತು.

ಅಡ್ಡಗೋಡೆಗಳನ್ನೂ ಮರೆಯಬೇಡಿ. ಅವು ಗಟ್ಟಿ ಕಾಂಕ್ರೀಟ್. ಕಾಂಕ್ರೀಟ್ ಸುಟ್ಟ ಇಟ್ಟಿಗೆಗಿಂತ ಸುಮಾರು ಎರಡರಷ್ಟು ಶಾಖ ಸಾಗಿಸುತ್ತದೆ. ತೂತಿನ ಗಾಳಿ ಅಷ್ಟೋ ಇಷ್ಟೋ ತಡೆದರೂ, ಪಕ್ಕದಲ್ಲೇ ಅಡ್ಡಗೋಡೆಯೊಳಗಿಂದ ಶಾಖ ಸಲೀಸಾಗಿ ಒಳಗೆ ಬರುತ್ತದೆ.

ನಿಮ್ಮ ಪಶ್ಚಿಮದ ಗೋಡೆಯನ್ನೇ ತೆಗೆದುಕೊಳ್ಳಿ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರ, ಅಂದರೆ ಹನ್ನೊಂದು ಚದರ ಮೀಟರ್. ಮಾರ್ಚ್ ತಿಂಗಳ ಸಂಜೆ ಬಿಸಿಲಿನ ಕಾವೂ ಸೇರಿ ಹೊರಗಿಗೂ ಒಳಗಿಗೂ 15 ಡಿಗ್ರಿ ವ್ಯತ್ಯಾಸ ಇದೆ ಅಂತಿರಲಿ. ಎಲ್ಲದಕ್ಕೂ ಎರಡೂ ಕಡೆ ಪ್ಲಾಸ್ಟರ್ ಇದೆ. ಒಂಬತ್ತು ಇಂಚಿನ ಸುಟ್ಟ ಇಟ್ಟಿಗೆ ಗೋಡೆಯಿಂದ ಸುಮಾರು 330 ವಾಟ್ ಶಾಖ ಒಳಗೆ ಬರುತ್ತದೆ. ಎಂಟು ಇಂಚಿನ ಹಾಲೋ ಬ್ಲಾಕಿನಿಂದ ಸುಮಾರು 410 ವಾಟ್. ಫ್ಲೈ ಆಶ್ ಒಂಬತ್ತು ಇಂಚಿನ ಗೋಡೆ ಸುಟ್ಟ ಇಟ್ಟಿಗೆಯ ಹತ್ತಿರವೇ ಇರುತ್ತದೆ, ಬೂದಿ ಜಾಸ್ತಿ ಇದ್ದರೆ ಸ್ವಲ್ಪ ಕಡಿಮೆ, ಕಲ್ಲುಪುಡಿ ಜಾಸ್ತಿ ತುಂಬಿದ್ದರೆ ಸ್ವಲ್ಪ ಹೆಚ್ಚು. ತೂತಿಲ್ಲದ ಆರು ಇಂಚಿನ ಗಟ್ಟಿ ಸಿಮೆಂಟ್ ಬ್ಲಾಕ್ ಹಾಕಿದರೆ 540 ವಾಟ್ ಆಗುತ್ತದೆ.

ಮೇಸ್ತ್ರಿಯ ಮಾತು ಹುಟ್ಟಿದ್ದು ಇಲ್ಲೇ ಅಂತ ನನಗೆ ಅನಿಸುತ್ತದೆ. ಗಟ್ಟಿ ಸಿಮೆಂಟ್ ಬ್ಲಾಕಿಗೆ ಹೋಲಿಸಿದರೆ ಹಾಲೋ ಬ್ಲಾಕ್ ಖಂಡಿತ ತಂಪು. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಗಿಂತಲೂ ತಂಪೇ. ಆ ಹೋಲಿಕೆ ಬಾಯಿಂದ ಬಾಯಿಗೆ ಬರುವಾಗ ‘ಎಲ್ಲದಕ್ಕಿಂತ ತಂಪು’ ಅಂತ ಆಗಿಬಿಟ್ಟಿದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಎದುರು ಅದು ನಿಲ್ಲುವುದಿಲ್ಲ. ಯಾವುದೇ ಹೋಲಿಕೆಯಲ್ಲಿ ಮೊದಲು ಕೇಳಬೇಕಾದದ್ದು ಗೋಡೆ ಎಷ್ಟು ದಪ್ಪ ಅಂತ.

‘ಆದರೆ ಪಕ್ಕದವರ ಹಾಲೋ ಬ್ಲಾಕ್ ಮನೆ ನಿಜವಾಗ್ಲೂ ತಣ್ಣಗಿದೆಯಲ್ಲ?’ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಇರಬಹುದು. ಆ ಮನೆಯ ತಲೆ ಮೇಲೆ ನೋಡಿ. ನಮ್ಮ ಕಡೆ ಮಳೆಗೆ ಅಂತ ತಾರಸಿ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸುತ್ತಾರೆ, ಅಲ್ವಾ? ತಂಪು ಬರುವುದು ಅದರಿಂದ. ಹನ್ನೆರಡಕ್ಕೆ ಹನ್ನೆರಡು ಅಡಿಯ ಕೋಣೆಯ ಬರೀ ತಾರಸಿ ದಿನವಿಡೀ ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತದೆ. ಮಧ್ಯಾಹ್ನ 25 ಡಿಗ್ರಿ ವ್ಯತ್ಯಾಸ ಹಿಡಿದರೂ 1,100 ವಾಟ್ ಮೇಲೆ ಶಾಖ ಕೆಳಗಿಳಿಯುತ್ತದೆ. ಇಟ್ಟಿಗೆಗೂ ಹಾಲೋ ಬ್ಲಾಕಿಗೂ ನಾವು ಇಷ್ಟು ಹೊತ್ತು ಗುದ್ದಾಡಿದ ವ್ಯತ್ಯಾಸ ಬರೀ 80 ವಾಟ್. ಶೀಟ್ ನೆರಳು ಮಾಡಿ, ನಾಲ್ಕೂ ಕಡೆ ಗಾಳಿ ಆಡಲು ಬಿಟ್ಟರೆ ತಾರಸಿ ಕಾಯುವುದೇ ತೀರಾ ಕಡಿಮೆಯಾಗುತ್ತದೆ. ಶೀಟಿನ ಸುತ್ತ ಗೋಡೆ ಎಬ್ಬಿಸಿ ಅಡಿಕೆ ಇಡುವ ಕೋಣೆ ಮಾಡಿಕೊಂಡರೆ ಬಿಸಿ ಗಾಳಿ ಅಲ್ಲೇ ಕೂರುತ್ತದೆ, ಲಾಭ ಅರ್ಧ ಹೋಗುತ್ತದೆ. ಪಶ್ಚಿಮಕ್ಕೆ ತೋಟ ಇದ್ದರೆ ಆ ಕಡೆ ಗೋಡೆ ಯಾವುದಾದರೂ ಒಂದೇ. ಆ ಮನೆಗೆ ಸಿಕ್ಕ ತಂಪಿನ ಹೆಸರು ಬ್ಲಾಕಿಗೆ ಹೋಗಿದೆ, ಅಷ್ಟೆ.

ಹಾಗಾದರೆ ನಿಮ್ಮ ಮನೆಗೆ? ಪಿಲ್ಲರ್ ಮನೆ, ಮೇಲೆ ಶೀಟ್ ಹಾಕುವುದು ಖಚಿತ ಅಂದರೆ ಹತ್ತಿರದಲ್ಲಿ ಒಳ್ಳೆಯದು ಯಾವುದು ಸಿಗುತ್ತದೋ ಅದನ್ನೇ ಹಾಕಿ. ಹಾಲೋ ಬ್ಲಾಕ್ ಆದರೆ ಕೆಲಸ ಬೇಗ, ಗಾರೆ ಕಡಿಮೆ. ಪಿಲ್ಲರ್ ಇಲ್ಲದೆ ಕಟ್ಟುವುದಾದರೆ, ಅಥವಾ ಪಶ್ಚಿಮಕ್ಕೆ ಮರವಿಲ್ಲದೆ ಬಯಲಾಗಿದ್ದರೆ, ಒಂಬತ್ತು ಇಂಚಿನ ಇಟ್ಟಿಗೆಯೇ ನನ್ನ ಆಯ್ಕೆ. ಸುಟ್ಟದ್ದೋ ಫ್ಲೈ ಆಶೋ ಅನ್ನುವುದನ್ನು ಬಂದ ಲೋಡಿನ ಇಟ್ಟಿಗೆ ಪರೀಕ್ಷೆ ಮಾಡಿ ತೀರ್ಮಾನಿಸಿ. ಸುಟ್ಟ ಇಟ್ಟಿಗೆಗೆ ಒಂದು ಸುಲಭ ಪರೀಕ್ಷೆ ಇದೆ. ಚೆನ್ನಾಗಿ ಒಣಗಿದ ಇಟ್ಟಿಗೆ ತೂಗಿ, ಒಂದು ದಿನ ನೆನೆಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಿ. ಮೂರು ಕಿಲೋದ ಇಟ್ಟಿಗೆ 600 ಗ್ರಾಂಗಿಂತ ಜಾಸ್ತಿ ನೀರು ಕುಡಿಯಬಾರದು.

ನೀವು ಕೇಳದ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ನಮ್ಮ ಮಲೆನಾಡಿನಲ್ಲಿ ಗೋಡೆ ಕೆಡುವುದು ಬಿಸಿಲಿಗಲ್ಲ, ನೀರಿಗೆ. ನೆನೆದ ಗೋಡೆ ಒಣಗಿದ ಗೋಡೆಗಿಂತ ಜಾಸ್ತಿ ಶಾಖ ಸಾಗಿಸುತ್ತದೆ. ಅದಕ್ಕೇ ಎರಡೂವರೆ ಮೂರು ಅಡಿ ಸೂರು ಹೊರಗೆ ಚಾಚಬೇಕು. ಇಟ್ಟಿಗೆಯ ಆಯ್ಕೆ ಆಮೇಲಿನ ಮಾತು.

ಇನ್ನು ಕಟ್ಟುವಾಗಿನ ನೀರು. ಸುಟ್ಟ ಇಟ್ಟಿಗೆಯನ್ನು ನೆನೆಸಿಯೇ ಕಟ್ಟಬೇಕು, ಇಲ್ಲದಿದ್ದರೆ ಅದು ಗಾರೆಯ ನೀರನ್ನು ಹೀರಿ ಗಾರೆಯನ್ನು ಪುಡಿ ಮಾಡುತ್ತದೆ. ಈ ಅಭ್ಯಾಸದಲ್ಲೇ ಮೇಸ್ತ್ರಿಗಳು ಹಾಲೋ ಬ್ಲಾಕಿಗೂ ಪೈಪ್ ಹಿಡಿಯುತ್ತಾರೆ. ಅದು ತಪ್ಪು. ಕಾಂಕ್ರೀಟ್ ನೀರು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನೆನೆದ ಬ್ಲಾಕಿನಲ್ಲಿ ಗೋಡೆ ಕಟ್ಟಿದರೆ ಅದು ಕುಗ್ಗುವುದು ಗೋಡೆಯೊಳಗೆ ಸಿಕ್ಕಿಕೊಂಡ ಮೇಲೆ. ಆಗ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಏಳುತ್ತದೆ. ಬಿರುಕು ಗಾರೆಯ ಸಾಲು ಹಿಡಿದು ಮೆಟ್ಟಿಲಿನ ಹಾಗೆ ಹೋಗಿದ್ದರೆ, ಪಾಯ ಕುಸಿಯಿತು ಅಂತ ಗಾಬರಿ ಬೀಳುವ ಮೊದಲು ಬ್ಲಾಕ್ ನೆನೆದಿತ್ತಾ ಅಂತ ಕೇಳಿ. ಬ್ಲಾಕುಗಳಿಗೆ ಕಾರ್ಖಾನೆಯಲ್ಲೇ ಕ್ಯೂರಿಂಗ್ ಮುಗಿದು, ಆಮೇಲೆ ಎರಡು ಮೂರು ವಾರ ಒಣಗಿರಬೇಕು. ಆಗಸ್ಟಿನಲ್ಲಿ ಕಡಿಮೆ ರೇಟಿಗೆ ಸಿಕ್ಕಿತು ಅಂತ ತರಿಸಿ ಅಂಗಳದಲ್ಲಿ ಬಿಡಬೇಡಿ. ತರಿಸಿದರೆ ನೆಲಕ್ಕೆ ತಾಗದ ಹಾಗೆ ಅಡಿಕೆ ದಬ್ಬೆ ಮೇಲೆ ಜೋಡಿಸಿ, ಟಾರ್ಪಾಲ್ ಹೊದಿಸಿ. ಕಟ್ಟುವಾಗ ಗಾರೆ ತಾಗುವ ಮೇಲ್ಮೈಗೆ ಮಾತ್ರ ಸ್ವಲ್ಪ ನೀರು ಚಿಮುಕಿಸಿದರೆ ಸಾಕು.