ಹೆಸರು ಅಳಿಸಿದ ಕುಕ್ಕರ್ ಯಾವ ಕಂಪನಿಯದು?

“ಐದು ಲೀಟರ್ ಕುಕ್ಕರ್‌ಗೆ ಒಂದು ವೆಯ್ಟ್ ಕೊಡಿ” ಎಂದು ಪಾತ್ರೆ ಅಂಗಡಿಯಲ್ಲಿ ಕೇಳುವವರು ಬಹಳ ಮಂದಿ. ಲೀಟರ್ ಒಂದೇ ಆದರೆ ಬಿಡಿಭಾಗವೂ ಒಂದೇ ಎಂಬ ನಂಬಿಕೆ ಅದು. ಗ್ಯಾಸ್ಕೆಟ್ ವಿಷಯದಲ್ಲಿ ಈ ತಪ್ಪಿನಿಂದ ಹೆಚ್ಚಾಗಿ ದುಡ್ಡು ದಂಡವಾದೀತು. ವೆಯ್ಟ್ ವಿಷಯದಲ್ಲಿ ಅಪಾಯವೇ ಇದೆ.

1679ರಲ್ಲಿ ಡೆನಿಸ್ ಪಾಪೆನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಮೂಳೆ ಬೇಯಿಸುವ ಒಂದು ಬಿಗಿಮುಚ್ಚಳದ ಪಾತ್ರೆ ಮಾಡಿದ. ಅದು ಸಿಡಿಯದಿರಲೆಂದು ಅವನು ರೂಪಿಸಿದ್ದು ಭಾರ ಹೇರಿದ ಕವಾಟ. ನಮ್ಮ ಕುಕ್ಕರಿನ ವೆಯ್ಟ್ ಅದೇ ವಂಶದ್ದು. ನಳಿಕೆಯ ತೂತಿನಲ್ಲಿ ಮೇಲೆ ತಳ್ಳುವ ಹಬೆಯ ಬಲ ವೆಯ್ಟಿನ ಭಾರವನ್ನು ಮೀರಿದಾಗ ಕುಕ್ಕರ್ ಕೂಗುತ್ತದೆ. ಅಂದರೆ ಒತ್ತಡವನ್ನು ತೀರ್ಮಾನಿಸುವುದು ಬರೀ ವೆಯ್ಟ್ ಅಲ್ಲ, ವೆಯ್ಟಿನ ಭಾರವನ್ನು ತೂತಿನ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ. ತೂತಿನ ವ್ಯಾಸ 3 ಮಿಲಿಮೀಟರ್ ಎಂದುಕೊಳ್ಳಿ. ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಬೇಕಾದರೆ ಸುಮಾರು 71 ಗ್ರಾಂ ವೆಯ್ಟ್ ಸಾಕು. ಅದೇ ವೆಯ್ಟನ್ನು 2.5 ಮಿಲಿಮೀಟರ್ ತೂತಿರುವ ಇನ್ನೊಂದು ಕುಕ್ಕರಿಗೆ ಹಾಕಿದರೆ ಒತ್ತಡ 1.4 ಕಿಲೋ ದಾಟುವವರೆಗೂ ಅದು ಕೂಗುವುದೇ ಇಲ್ಲ. ಅರ್ಧ ಮಿಲಿಮೀಟರಿನ ವ್ಯತ್ಯಾಸ ಕಣ್ಣಳತೆಗೆ ಸಿಗುವಂಥದ್ದಲ್ಲ. ಆದ್ದರಿಂದಲೇ ಕುಕ್ಕರ್ ಯಾರದೆಂದು ಪತ್ತೆಹಚ್ಚಿದ ಮೇಲೆಯೇ ಬಿಡಿಭಾಗ ಕೊಳ್ಳಬೇಕು.

ಮೊದಲು ಮುಚ್ಚಳ ನೋಡಿ. ಓರೆಯಾಗಿ ಒಳಗೆ ತೂರಿಸಿ, ಅಂಚಿನ ಕೆಳಗಿನಿಂದ ಮೇಲಕ್ಕೆ ಒತ್ತಿಕೊಳ್ಳುವ ಮುಚ್ಚಳವಾದರೆ ಹಾಕಿನ್ಸ್ ಮಾದರಿ. ಇದರಲ್ಲಿ ಒತ್ತಡ ಹೆಚ್ಚಿದಷ್ಟೂ ಮುಚ್ಚಳ ಬಿಗಿಯುತ್ತದೆ. ಮೇಲಿನಿಂದ ಕೂರಿಸಿ, ತಿರುಗಿಸಿ, ಹಿಡಿಯ ಮೇಲೆ ಹಿಡಿ ತರುವಂಥದ್ದಾದರೆ ಪ್ರೆಸ್ಟೀಜ್ ಮಾದರಿ. ಬೆಂಗಳೂರಿನ ದೂರವಾಣಿನಗರದ ಕಾರ್ಖಾನೆಯಿಂದ ಮನೆಮನೆಗೆ ಬಂದದ್ದು ಇದೇ. ಈ ಮುಚ್ಚಳದ ಪಕ್ಕದ ಅಂಚಿನಲ್ಲಿ ಒಂದು ಉದ್ದನೆಯ ಸೀಳು ಇರುತ್ತದೆ. ಒತ್ತಡ ಮಿತಿಮೀರಿದರೆ ಗ್ಯಾಸ್ಕೆಟ್ ಅಲ್ಲಿಂದ ಹೊರಗೆ ಉಬ್ಬಿ ಹಬೆ ಬಿಡುತ್ತದೆ. ಆದರೆ ಎರಡೂ ಮಾದರಿಗಳನ್ನು ಬೇರೆ ಕಂಪನಿಗಳೂ ಮಾಡಿವೆ, ಆಕಾರ ನೋಡಿ ಹೆಸರು ಘೋಷಿಸುವಂತಿಲ್ಲ. ಒಳಮುಚ್ಚಳದ ಪಾತ್ರೆ ಕಪ್ಪಗೆ, ಗಟ್ಟಿ ಲೇಪನದ್ದಾಗಿದ್ದರೆ ಹಾಕಿನ್ಸಿನ ಫ್ಯೂಚುರಾ, ಹೊಟ್ಟೆ ದುಂಡಗೆ ಬಾಗಿದ್ದರೆ ಅದೇ ಕಂಪನಿಯ ಕಾಂಟುರಾ ಎಂದು ಅನುಮಾನಿಸಬಹುದು. ಹಿಡಿಯ ಮೇಲಿನ ಹೆಸರನ್ನು ಮಾತ್ರ ನಂಬಬೇಡಿ, ಹಿಡಿ ಎಷ್ಟು ಸಲ ಬದಲಾಗಿದೆಯೋ!

ಗಟ್ಟಿ ಸಾಕ್ಷಿ ಇರುವುದು ಲೋಹದ ಮೇಲಿನ ಒತ್ತಚ್ಚಿನಲ್ಲಿ. ತಳವನ್ನು ಬಿಸಿನೀರು, ಪಾತ್ರೆ ಸೋಪಿನಲ್ಲಿ ನೆನೆಸಿ ಮೆತ್ತನೆ ಬಟ್ಟೆಯಿಂದ ಒರೆಸಿ. ಹುಣಸೆಹಣ್ಣು, ವಾಷಿಂಗ್ ಸೋಡಾ ಬೇಡ: ಎರಡೂ ಅಲ್ಯೂಮಿನಿಯಂ ಮೇಲಿನ ಪದರವನ್ನು ತಿನ್ನುತ್ತವೆ, ಉಳಿದ ಮಸುಕು ಗುರುತೂ ಹೋಗುತ್ತದೆ. ಸ್ಟೀಲ್ ನಾರು ಅದಕ್ಕಿಂತ ಕೆಟ್ಟದ್ದು. ಬಳಿಕ ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ತಳಕ್ಕೆ ತಾಗುವಷ್ಟು ತಗ್ಗಿಸಿ ಪಕ್ಕದಿಂದ ಬೆಳಕು ಬಿಡಿ. ಸಂಜೆಯ ಬಿಸಿಲಿನಲ್ಲಿ ಉತ್ತ ಹೊಲದ ಸಾಲುಗಳು ಎದ್ದು ಕಾಣುವಂತೆ ಅಕ್ಷರದ ತಗ್ಗುಗಳಲ್ಲಿ ನೆರಳು ಕೂರುತ್ತದೆ. ಟಾರ್ಚನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಫೋಟೊ ತೆಗೆಯಿರಿ, ಏಕೆಂದರೆ ಬೆಳಕಿನ ದಿಕ್ಕಿಗೇ ಇರುವ ಗೆರೆ ನೆರಳು ಕೊಡದು. ಆಗಲೂ ಕಾಣದಿದ್ದರೆ ಸೀಮೆಸುಣ್ಣದ ಪುಡಿ ತಿಕ್ಕಿ, ಮೇಲ್ಮೈಯನ್ನಷ್ಟೇ ಒರೆಸಿ.

ಹುಡುಕಬೇಕಾದ್ದು ಐಎಸ್‌ಐ ಮುದ್ರೆ. ಅದರ ಮೇಲೆ IS 2347 ಎಂದಿದ್ದರೆ ಅದು ಮನೆಬಳಕೆಯ ಕುಕ್ಕರಿನ ಮಾನಕ. ಎಲ್ಲ ಕಂಪನಿಗಳಿಗೂ ಒಂದೇ, ಅದನ್ನು ಮಾಡೆಲ್ ನಂಬರ್ ಎಂದುಕೊಳ್ಳಬೇಡಿ. ತಯಾರಕರ ಗುರುತು ಇರುವುದು ಕೆಳಗಿನ CM/L ಎಂಬ ಲೈಸೆನ್ಸ್ ಸಂಖ್ಯೆಯಲ್ಲಿ. ಬಿಐಎಸ್ ಕೇರ್ ಆ್ಯಪಿನ `Verify Licence Details`ನಲ್ಲಿ ಅದನ್ನು ಹಾಕಿದರೆ ಕಂಪನಿಯ ಹೆಸರು ಬರುತ್ತದೆ.

ಒಂದು ಅಂಕಿ ಸವೆದು 3 ಅಥವಾ 8 ಎಂಬ ಸಂಶಯ ಬಂತೆನ್ನಿ. ಎರಡನ್ನೂ ಹಾಕಿ ನೋಡಿ. ಒಂದು ಸಿಮೆಂಟಿನದೋ ವಿದ್ಯುತ್ ತಂತಿಯದೋ ಲೈಸೆನ್ಸ್ ತೋರಿಸಿ, ಇನ್ನೊಂದು ಕುಕ್ಕರ್ ತಯಾರಕರನ್ನು ತೋರಿಸಿದರೆ ಸಂಶಯ ಮುಗಿಯಿತು. ಬಹಳ ಹಳೆಯ, ಚಾಲ್ತಿಯಲ್ಲಿಲ್ಲದ ಲೈಸೆನ್ಸ್ ಆಗಿದ್ದರೆ ಹೆಸರು ಸಿಗದಿರಲೂಬಹುದು. ಸಿಕ್ಕರೂ ಅದು ತಳಕ್ಕೆ ಮಾತ್ರ ಸಾಕ್ಷಿ. ಮುಚ್ಚಳ ಬೇರೆ ಕುಕ್ಕರಿನದಿರಬಹುದು, ಅದರ ಗುರುತನ್ನು ಪ್ರತ್ಯೇಕವಾಗಿ ಓದಿ ತಾಳೆ ನೋಡಿ. ವೆಯ್ಟ್ ಕೂರುವ ನಳಿಕೆ ಇರುವುದು ಮುಚ್ಚಳದಲ್ಲೇ ತಾನೆ?

ಅಳತೆ ತಿಳಿಯಲು ಲೀಟರ್ ಲೆಕ್ಕದಲ್ಲಿ ಅಂಚಿನವರೆಗೆ ನೀರು ತುಂಬಿಸಿ. ನಂತರ ಕಂಪನಿಯ ಹೆಸರು, ಲೀಟರ್, ಮುಚ್ಚಳದ ಫೋಟೊ, ಹಳೆಯ ಗ್ಯಾಸ್ಕೆಟ್ ಹಿಡಿದು ಆ ಕಂಪನಿಯದೇ ಸರ್ವಿಸ್ ಸೆಂಟರಿಗೆ ಹೋಗಿ. ಯಾವ ಗುರುತೂ ಸಿಗದ ಕುಕ್ಕರಿಗೆ ಅಂದಾಜಿನ ವೆಯ್ಟ್ ಹಾಕುವುದು ಬೇಡ. ಅದರ ಮುಚ್ಚಳ ತೆಗೆದಿಟ್ಟು, ತಳವನ್ನು ಅನ್ನ ಬಸಿಯುವ ಪಾತ್ರೆಯಾಗಿ ಬಳಸಬಹುದು.