ಎಣ್ಣೆ ಬಿಟ್ಟರೂ ಸ್ಪೇಸ್‌ಬಾರ್ ಕಟಕಟ ನಿಲ್ಲಲಿಲ್ಲ, ಈಗ ಮೆತ್ತಗೂ ಆಗಿದೆ. ಏನು ಮಾಡಲಿ?

ಓದುಗರ ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಜಾತ್ರೆಯ ನೋಟೀಸು, ಶಾಲೆಯ ಪ್ರಶ್ನೆಪತ್ರಿಕೆ, ಹೀಗೆ ದಿನವಿಡೀ ಕನ್ನಡ ಟೈಪಿಂಗ್. ಆಸೆಪಟ್ಟು ಒಂದು ಮೆಕ್ಯಾನಿಕಲ್ ಕೀಬೋರ್ಡ್ ತಗೊಂಡೆ. ಸ್ವಿಚ್‌ಗಳನ್ನು ಬೆಸುಗೆ ಬಿಚ್ಚದೆ ಎಳೆದು ತೆಗೆಯಬಹುದಾದ ಮಾದರಿ. ಉಳಿದ ಕೀಗಳೆಲ್ಲ ಚೆನ್ನಾಗಿವೆ. ಸ್ಪೇಸ್‌ಬಾರ್ ಮಾತ್ರ ಬಲಗಡೆ ಒತ್ತಿದಾಗ ಕಟಕಟ ಅನ್ನುತ್ತಿತ್ತು. ಸಂದಿಯಲ್ಲಿ ಎರಡು ಹನಿ ತೆಂಗಿನೆಣ್ಣೆ ಬಿಟ್ಟೆ. ಸ್ವಲ್ಪ ದಿನ ಸದ್ದು ಕಡಿಮೆಯಾಯಿತು. ಈಗ ಸದ್ದು ಮರಳಿ ಬಂದಿದೆ, ಜೊತೆಗೆ ಒತ್ತಿದರೆ ಮೆತ್ತಗೆ, ಬಿಟ್ಟರೆ ಮೇಲೆ ಬರುವುದು ನಿಧಾನ. ಸ್ವಿಚ್ ಬದಲಾಯಿಸಬೇಕೇ, ಕೀಬೋರ್ಡನ್ನೇ ಬದಲಾಯಿಸಬೇಕೇ?

ಉತ್ತರ: ಎರಡೂ ಬೇಡ. ನೀವು ಬರೆದ ಲಕ್ಷಣ ನೋಡಿದರೆ ತೊಂದರೆ ಇರುವುದು ಸ್ಟೆಬಿಲೈಸರ್‌ನಲ್ಲಿ, ಅಂದರೆ ಉದ್ದನೆಯ ಕೀ ಒಂದು ಬದಿಗೆ ವಾಲದಂತೆ ಹಿಡಿಯುವ ಭಾಗದಲ್ಲಿ. ಒಂದು ಸಂಜೆ ಕೂತರೆ ಮುಗಿಯುವ ಕೆಲಸ. ಆದರೆ ಕಟಕಟಕ್ಕೆ ಒಂದು ಕಾರಣ, ಮೆತ್ತಗಾಗಿದ್ದಕ್ಕೆ ಇನ್ನೊಂದು ಕಾರಣ. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಸ್ಪೇಸ್‌ಬಾರ್ ಎಷ್ಟು ಉದ್ದವಿದ್ದರೂ ಅದರ ಕೆಳಗೆ ಇರುವುದು ಒಂದೇ ಸ್ವಿಚ್, ಅದೂ ಸುಮಾರು ನಡುವಿನಲ್ಲಿ. ನಾವು ಹೆಬ್ಬೆರಳಿನಿಂದ ಒತ್ತುವುದು ಮಾತ್ರ ನಡುವಿನಲ್ಲಲ್ಲ, ಒಂದು ಬದಿಯಲ್ಲಿ. ಆಸರೆ ಇಲ್ಲದಿದ್ದರೆ ಬಾರ್ ಆ ಬದಿಗೆ ವಾಲಿ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗದಂತೆ ಎರಡೂ ತುದಿಯ ಹತ್ತಿರ ಒಂದೊಂದು ಪ್ಲಾಸ್ಟಿಕ್ ಗೂಡು ಇಟ್ಟಿರುತ್ತಾರೆ. ಅದರೊಳಗೆ ಮೇಲೆ ಕೆಳಗೆ ಜಾರುವ ಒಂದು ತುಂಡು ಇರುತ್ತದೆ, ಅದಕ್ಕೆ ಸ್ಟೆಮ್ ಅನ್ನುತ್ತಾರೆ. ಎರಡು ಸ್ಟೆಮ್‌ಗಳನ್ನು ಒಂದು ಉಕ್ಕಿನ ತಂತಿ ಜೋಡಿಸುತ್ತದೆ. ಉದ್ದನೆಯ ನಡುಭಾಗ, ಎರಡೂ ಕೊನೆಯಲ್ಲಿ ಒಂದೇ ಕಡೆಗೆ ಮಡಚಿದ ಗಿಡ್ಡ ತೋಳು. ಬಲ ಸ್ಟೆಮ್ ಕೆಳಗೆ ಹೋದರೆ ತಂತಿ ತಿರುಗಿ ಎಡ ಸ್ಟೆಮ್ಮನ್ನೂ ಕೆಳಗೆ ಎಳೆಯುತ್ತದೆ. ಬಾರ್ ಸಮವಾಗಿ ಇಳಿಯುವುದು ಇದರಿಂದಲೇ.

ತಂತಿಯ ತೋಳು ಸ್ಟೆಮ್‌ನ ತೂತಿನೊಳಗೆ ಕೂರುತ್ತದೆ. ಅದು ತಿರುಗಬೇಕಾದ್ದರಿಂದ ತೂತು ತಂತಿಗಿಂತ ಸ್ವಲ್ಪ ದೊಡ್ಡದಾಗಿಯೇ ಇರಬೇಕು. ಒತ್ತುವಾಗ ತಂತಿ ತೂತಿನ ಒಂದು ಗೋಡೆಗೆ ಬಡಿಯುತ್ತದೆ, ಬಿಟ್ಟಾಗ ಇನ್ನೊಂದು ಗೋಡೆಗೆ. ನಿಮಗೆ ಕೇಳುವ ಕಟಕಟ ಅದೇ. ಎರಡೂ ಬದಿಯಲ್ಲಿ ಒಂದೇ ಥರ ಸದ್ದಾದರೆ ಗ್ರೀಸ್ ಸಾಲದು ಅಂತ ಅರ್ಥ. ನಿಮ್ಮ ಹಾಗೆ ಒಂದೇ ಬದಿಯಲ್ಲಿ ಸದ್ದು ಜಾಸ್ತಿ ಅಂದರೆ ತಂತಿ ತಿರುಚಿಕೊಂಡಿರುವ ಸಾಧ್ಯತೆ ಹೆಚ್ಚು. ಆಗ ಎಷ್ಟು ಗ್ರೀಸ್ ಹಾಕಿದರೂ ಪೂರ್ತಿ ಹೋಗುವುದಿಲ್ಲ.

ಮೆತ್ತಗಾಗಿದ್ದು ತೆಂಗಿನೆಣ್ಣೆಯಿಂದ. ನಮ್ಮ ಕಡೆ ಬಾಗಿಲಿನ ಕೀಲಿನಿಂದ ಹಿಡಿದು ಎಲ್ಲದಕ್ಕೂ ಕೈಗೆ ಮೊದಲು ಸಿಗುವುದು ಅದೇ, ಅಲ್ವಾ? ಆದರೆ ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಎಣ್ಣೆ ತೆಳು, ತಂತಿಯ ತುದಿಯಲ್ಲಿ ನಿಲ್ಲದೆ ಹರಿದು ಗೂಡಿನ ಗೋಡೆಗೆ ಸೇರುತ್ತದೆ. ಅಲ್ಲಿ ಧೂಳು ಹಿಡಿದು ಅಂಟಾಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ ಬೇರೆ. ಅಂಗಡಿಯಲ್ಲಿ ಎಸಿ ಇದ್ದರೆ ಬೆಳಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ ಆಗುವುದೂ ಇದಕ್ಕೇ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ: ಸ್ಟೆಬಿಲೈಸರ್‌ಗೆ ಸ್ವಂತ ಸ್ಪ್ರಿಂಗ್ ಇಲ್ಲ. ಬಾರ್, ಎರಡು ಸ್ಟೆಮ್, ತಂತಿ, ಎಲ್ಲವನ್ನೂ ಮೇಲೆತ್ತುವುದು ನಡುವಿನ ಸ್ವಿಚ್ಚಿನ ಒಂದೇ ಸ್ಪ್ರಿಂಗ್. ಗೂಡಿನಲ್ಲಿ ಸ್ವಲ್ಪ ಅಂಟಾದರೂ ಆ ಸ್ಪ್ರಿಂಗಿಗೆ ಭಾರವಾಗುತ್ತದೆ, ಕೀ ನಿಧಾನವಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಕೀಬೋರ್ಡಿನ ಕೇಬಲ್ ಕಳಚಿ. ಸ್ಪೇಸ್‌ಬಾರ್ ತೆಗೆಯುವಾಗ ಒಂದೇ ತುದಿಯಿಂದ ಮೀಟಬೇಡಿ, ತಂತಿ ಬಗ್ಗುವುದು ಹೆಚ್ಚಾಗಿ ಹೀಗೆಯೇ. ಎರಡೂ ಬದಿಗೆ ಬೆರಳು ಹಾಕಿ ನೇರ ಮೇಲಕ್ಕೆ ಎಳೆಯಿರಿ. ತಂತಿ ಬಾರಿಗೇ ಸಿಕ್ಕಿಕೊಂಡು ಮೇಲೆ ಬಂದರೆ ನಿಮ್ಮದು ಬೇರೆ ಬಗೆಯ ಸ್ಟೆಬಿಲೈಸರ್, ಅಲ್ಲಿಗೇ ನಿಲ್ಲಿಸಿ. ಮುಂದಿನದ್ದೆಲ್ಲ ಇವತ್ತು ಹೆಚ್ಚು ಬಳಕೆಯಲ್ಲಿರುವ ಚೆರ್ರಿ ಮಾದರಿಗೆ ಅನ್ವಯಿಸುತ್ತದೆ.

ಬಾರ್ ತೆಗೆದ ಮೇಲೆ ನಡುವಿನ ಸ್ವಿಚ್ಚನ್ನು ಮಾತ್ರ ಒತ್ತಿ ನೋಡಿ. ಪಕ್ಕದ ಕೀಯ ಸ್ವಿಚ್ಚಿನ ಹಾಗೇ ಚುರುಕಾಗಿ ಮೇಲೆ ಬಂದರೆ ಅದು ಸರಿ ಇದೆ. ಅದೂ ಅಂಟುತ್ತಿದ್ದರೆ ಎಣ್ಣೆ ಅದರೊಳಗೂ ಇಳಿದಿದೆ, ಆಗ ಆ ಒಂದು ಸ್ವಿಚ್ ಬದಲಾಯಿಸಿ. ತೆಗೆದ ಬಾರನ್ನು ಗಾಜಿನ ಮೇಲೆ ಕೂರಿಸಿ ತುದಿ ತಟ್ಟಿ ನೋಡಿ. ತೊಟ್ಟಿಲಿನಂತೆ ತೂಗಿದರೆ ಬಾರೇ ಬಾಗಿದೆ. ಉದ್ದ ಕೀಕ್ಯಾಪ್‌ಗಳಲ್ಲಿ ಇದು ಅಪರೂಪವಲ್ಲ, ಬಾರ್ ಬದಲಾಯಿಸದೆ ಉಳಿದ ಕೆಲಸ ಮಾಡಿ ಪ್ರಯೋಜನವಿಲ್ಲ.

ಇನ್ನು ಸ್ಟೆಬಿಲೈಸರ್ ಹೊರಗೆ ತೆಗೆಯುವುದು. ಮೊದಲು ಮೊಬೈಲಿನಲ್ಲಿ ಹತ್ತಿರದಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ತಂತಿ ಯಾವ ಕಡೆಗಿದೆ, ಸ್ಟೆಮ್‌ನ ಯಾವ ಮುಖ ಮುಂದಿದೆ ಅನ್ನುವುದು ಜೋಡಿಸುವಾಗ ಖಂಡಿತ ಮರೆತುಹೋಗುತ್ತದೆ. ಆಮೇಲೆ ಸ್ಪೇಸ್‌ಬಾರಿನ ಸ್ವಿಚ್ ಎಳೆದು ತೆಗೆಯಿರಿ. ಗೂಡುಗಳು ಲೋಹದ ತಟ್ಟೆಗೆ ಕೊಕ್ಕೆಯಿಂದ ಕೂತಿದ್ದರೆ, ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಒಳಕ್ಕೆ ಒತ್ತಿದರೆ ಹೆಚ್ಚಾಗಿ ಮೇಲಿನಿಂದಲೇ ಬರುತ್ತವೆ. ಬರದಿದ್ದರೆ ಜೋರು ಮಾಡಬೇಡಿ, ಅವು ಕೆಳಗಿನ ಸರ್ಕ್ಯೂಟ್ ಬೋರ್ಡಿಗೆ ಹಿಡಿದಿರಬಹುದು. ಆಗ ಕೀಬೋರ್ಡ್ ಬಿಚ್ಚಿ, ಸ್ವಿಚ್ಚುಗಳನ್ನೆಲ್ಲ ತೆಗೆದು, ಬೋರ್ಡನ್ನು ಬೇರೆ ಮಾಡಬೇಕಾಗುತ್ತದೆ.

ತಂತಿ, ಸ್ಟೆಮ್, ಗೂಡು ಮೂರನ್ನೂ ಬಿಡಿಸಿ. ಪ್ಲಾಸ್ಟಿಕ್ ಭಾಗಗಳನ್ನು ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಮೂಲೆಗೆ ಹಳೆಯ ಟೂತ್‌ಬ್ರಷ್ ಸಾಕು. ಎಣ್ಣೆಯ ಜಿಡ್ಡು ಪೂರ್ತಿ ಹೋಗಬೇಕು. ಇಲ್ಲದಿದ್ದರೆ ಮುಂದೆ ಹಾಕುವ ಗ್ರೀಸ್ ಸರಿಯಾಗಿ ಹಿಡಿದು ನಿಲ್ಲುವುದಿಲ್ಲ. ಮಳೆಗಾಲವಾದರೆ ರಾತ್ರಿಯಿಡೀ ಫ್ಯಾನಿನ ಕೆಳಗೆ ಒಣಗಿಸಿ. ತಂತಿಯನ್ನು ಮಾತ್ರ ಒರೆಸಿ ತಕ್ಷಣ ಒಣಗಿಸಿ. ನಮ್ಮ ಕರಾವಳಿಯ ಗಾಳಿಗೆ ಉಕ್ಕು ತುಕ್ಕು ಹಿಡಿಯಲು ಜಾಸ್ತಿ ಹೊತ್ತು ಬೇಡ. ತುದಿಯಲ್ಲಿ ತುಕ್ಕು ಕಂಡರೆ ನಯವಾದ ಮರಳು ಕಾಗದದಿಂದ ಉಜ್ಜಿ ತೆಗೆಯಿರಿ, ತುಕ್ಕಿನ ಒರಟು ಸ್ಟೆಮ್ಮನ್ನು ತಿನ್ನುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಈಗ ಬರುತ್ತದೆ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ತಂತಿಯನ್ನು ಗಾಜಿನ ಮೇಲೆ ಮಲಗಿಸಿ. ನಡುಭಾಗವೂ ಎರಡು ತೋಳುಗಳೂ ಒಟ್ಟಿಗೆ ಗಾಜಿಗೆ ತಾಗಬೇಕು. ಒಂದು ತೋಳಿನ ತುದಿಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿ, ಆಮೇಲೆ ಇನ್ನೊಂದನ್ನು. ಟಿಕ್ ಅಂತ ಸದ್ದು ಬಂದರೆ, ಅಥವಾ ಒಂದನ್ನು ಒತ್ತಿದಾಗ ಇನ್ನೊಂದು ಎದ್ದರೆ, ತಂತಿ ತಿರುಚಿದೆ. ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದು ಬೆಳಕಿಗೆ ಎದುರಾಗಿ ನೋಡಿದರೆ ತೋಳಿನ ಕೆಳಗೆ ಕೂದಲೆಳೆಯ ಸಂದಿ ಕಾಣುತ್ತದೆ. ಅಷ್ಟು ಸಾಕು ಬಲಗಡೆ ಕಟಕಟ ಅನ್ನಲು. ನಡುಭಾಗವನ್ನು ಮೂಲೆಯ ಹತ್ತಿರ ಇಕ್ಕಳದಿಂದ ಹಿಡಿದು, ಎದ್ದ ತೋಳನ್ನು ಕೆಳಕ್ಕೆ ಒಂದು ಚೂರು ಒತ್ತಿ. ಮತ್ತೆ ಗಾಜಿನ ಮೇಲಿಡಿ. ಜಾಸ್ತಿ ಬಗ್ಗಿದರೆ ಈ ಸಲ ಇನ್ನೊಂದು ತೋಳು ಏಳುತ್ತದೆ, ಆಗ ವಾಪಸು ಅಷ್ಟೇ ಚೂರು. ಆತುರ ಬೇಡ, ಹಿಂದೆ ಮುಂದೆ ಆಗುವುದು ಸಹಜ. ಎರಡೂ ಕಡೆ ತಟ್ಟಿದರೂ ತಂತಿ ಸದ್ದಿಲ್ಲದೆ ಮಲಗಿದಾಗ ಈ ಹೆಜ್ಜೆ ಮುಗಿಯಿತು.

ಜೋಡಿಸುವ ಮೊದಲು ಸ್ಟೆಮ್‌ನ ತಳ ನೋಡಿ. ಕೆಲವು ಸ್ಟೆಮ್‌ಗಳ ತಳದಲ್ಲಿ ಎರಡು ಸಣ್ಣ ಕಾಲುಗಳಿರುತ್ತವೆ. ಕೀ ಕೆಳಗೆ ತಾಗುವಾಗ ಅವು ಬಾಗಿ ಪೆಟ್ಟು ಹೀರುತ್ತವೆ, ಅದರಿಂದಲೂ ಬೆರಳಿಗೆ ಮೆತ್ತಗೆ ಅನಿಸುತ್ತದೆ. ಉಗುರು ಕತ್ತರಿಯಿಂದ ಅವನ್ನು ತಳಕ್ಕೆ ಸಮನಾಗಿ ಕತ್ತರಿಸಬಹುದು. ನಿಮ್ಮ ಬಾರ್ ಎಣ್ಣೆ ಹಾಕುವ ಮೊದಲು ಮೆತ್ತಗಿರಲಿಲ್ಲ, ಹಾಗಾಗಿ ನೀವು ಸದ್ಯ ಇದಕ್ಕೆ ಕೈ ಹಾಕಬೇಡಿ. ಕತ್ತರಿಸಿದ್ದನ್ನು ಮರಳಿ ಅಂಟಿಸಲಾಗದು.

ಗ್ರೀಸಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಕೇಳಿ. ಅದು ಸಿಲಿಕೋನ್ ಗ್ರೀಸ್, ವಾಹನಗಳ ಎಲೆಕ್ಟ್ರಿಕಲ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ದಪ್ಪಗಿದ್ದು ಹಾಕಿದಲ್ಲೇ ನಿಲ್ಲುತ್ತದೆ. ಕೀಬೋರ್ಡ್ ಹವ್ಯಾಸಿಗಳು ಸ್ಟೆಮ್ ಮತ್ತು ಗೂಡಿಗೆ ಬಳಸುವ ಕ್ರೈಟಾಕ್ಸ್ 205g0 ಸಿಕ್ಕರೆ ಒಳ್ಳೆಯದೇ, ಆದರೆ ಬೆಲೆ ಹೆಚ್ಚು. ಒಂದು ಸ್ಪೇಸ್‌ಬಾರಿಗೋಸ್ಕರ ತರಿಸಬೇಕಾಗಿಲ್ಲ. ತಂತಿಯ ಪ್ರತಿ ತೋಳಿನ ತುದಿಗೆ ಸುತ್ತಲೂ ಕಾಣುವಷ್ಟು ಗ್ರೀಸ್ ಹಚ್ಚಿ, ತೂತಿನ ಸಂದಿಯನ್ನು ತುಂಬಿ ಬಡಿತವನ್ನು ತಡೆಯುವುದು ಅದೇ. ತಂತಿಯ ನಡುಭಾಗ ಗೂಡಿಗೆ ಸಿಕ್ಕಿಸುವ ಜಾಗಕ್ಕೂ ಸ್ವಲ್ಪ. ಗೂಡಿನ ಒಳಗೋಡೆಗೆ ಮಾತ್ರ ಕೈ ಬಿಗಿ ಹಿಡಿಯಿರಿ. ಸಣ್ಣ ಬ್ರಷ್ಷಿನಲ್ಲಿ ಒಮ್ಮೆ ಸವರಿದಾಗ ಪ್ಲಾಸ್ಟಿಕ್ ಬಣ್ಣ ಕಾಣುತ್ತಿರಬೇಕು, ಬರೀ ಹೊಳಪು ಬಂದರೆ ಸಾಕು. ಇಲ್ಲಿ ಜಾಸ್ತಿಯಾದರೆ ತೆಂಗಿನೆಣ್ಣೆಯ ಕಥೆಯೇ ಮತ್ತೆ. ಕೀಕ್ಯಾಪ್ ಕೂರುವ ಕೂಡಿಸು ಚಿಹ್ನೆಯ ಭಾಗಕ್ಕೆ ತಾಗಿಸಬೇಡಿ, ಕ್ಯಾಪ್ ಜಾರುತ್ತದೆ. ಸ್ವಿಚ್ಚಿನೊಳಗಂತೂ ಬೇಡವೇ ಬೇಡ. ಈ ಗ್ರೀಸ್ ವಿದ್ಯುತ್ ಹರಿಯಲು ಬಿಡುವುದಿಲ್ಲ, ಸಂಪರ್ಕದ ಲೋಹಕ್ಕೆ ತಾಗಿದರೆ ಕೀ ಕೆಲವೊಮ್ಮೆ ಒತ್ತಿದರೂ ದಾಖಲಾಗದು.

ಫೋಟೋ ನೋಡಿಕೊಂಡು ಜೋಡಿಸಿ. ಬಾರ್ ಹಾಕುವ ಮೊದಲು ಒಂದು ಸ್ಟೆಮ್ಮನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಇನ್ನೊಂದು ಕೂಡಲೇ ಜೊತೆಗೆ ಬರಬೇಕು, ಎಲ್ಲೂ ತಡೆಯಬಾರದು. ಬಾರ್ ಹಾಕಿದ ಮೇಲೆ ಎಡತುದಿ, ನಡು, ಬಲತುದಿ ಮೂರು ಕಡೆಯೂ ನಿಧಾನವಾಗಿ ಒತ್ತಿ ಬಿಡಿ, ಆಮೇಲೆ ನಿಮ್ಮ ಮಾಮೂಲಿ ವೇಗದಲ್ಲಿ ಒಂದು ಪ್ಯಾರಾ ಟೈಪ್ ಮಾಡಿ. ಮೂರೂ ಕಡೆ ಸದ್ದು ಒಂದೇ ಥರ ಇದ್ದು, ಬೆರಳಿನ ಜೊತೆಯಲ್ಲೇ ಬಾರ್ ಮೇಲೆ ಬಂದರೆ ಸರಿಯಾಯಿತು. ಕೀ ನಿಧಾನವಿದ್ದರೆ ಗೂಡಿನ ಗ್ರೀಸ್ ಒರೆಸಿ ಕಡಿಮೆ ಮಾಡಿ. ಒಂದೇ ಬದಿಯಲ್ಲಿ ಟಿಕ್ ಉಳಿದಿದ್ದರೆ ತಂತಿಯನ್ನು ಮತ್ತೊಮ್ಮೆ ಗಾಜಿನ ಮೇಲಿಡಿ. ಕೊಕ್ಕೆಗೆ ಸಿಕ್ಕಿಸುವಾಗಲೂ ಅದು ತಿರುಚಬಹುದು.

ಸ್ವಿಚ್ ಬೆಸುಗೆ ಹಾಕಿದ ಕೀಬೋರ್ಡ್ ಇರುವವರೂ ಇದನ್ನು ಓದುತ್ತಿರಬಹುದು. ಅವರಿಗೆ ಬಿಚ್ಚದೆ ಮಾಡುವ ದಾರಿ ಒಂದಿದೆ. ಮೆಡಿಕಲ್ ಶಾಪಿನಿಂದ 1 ಎಂ.ಎಲ್. ಸಿರಿಂಜು ಮತ್ತು ಸ್ವಲ್ಪ ದಪ್ಪ ಸೂಜಿ ತಂದು ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ. ಬಾರ್ ತೆಗೆದು, ಸ್ಟೆಮ್ಮನ್ನು ಮೇಲಕ್ಕೆ ಎತ್ತಿ ಹಿಡಿದು, ತಂತಿಯ ತುದಿ ಕೂತ ತೂತಿನೊಳಕ್ಕೇ ಒಂದು ಚಿಕ್ಕ ಹನಿ ಒತ್ತಿ. ಸ್ಟೆಮ್ಮನ್ನು ಒಂದಷ್ಟು ಸಲ ಆಡಿಸಿ ಹರಡಿ, ಬೇಕಿದ್ದರೆ ಇನ್ನೊಂದು ಹನಿ. ಎರಡೂ ಬದಿಯ ಸಣ್ಣ ಕಟಕಟ ಇದರಿಂದ ಹೋಗುತ್ತದೆ. ತಿರುಚಿದ ತಂತಿಯನ್ನು ಮಾತ್ರ ಇದು ಸರಿ ಮಾಡುವುದಿಲ್ಲ.

ತಂತಿ ನೇರವಾಗಿ, ಗ್ರೀಸ್ ಹದವಾಗಿದ್ದೂ ಸದ್ದು ಹೋಗದಿದ್ದರೆ ಸ್ಟೆಮ್ ಗೂಡಿನೊಳಗೇ ಸಡಿಲವಾಗಿದೆ. ಆಗ ಹೊಸ ಸೆಟ್ ಹಾಕುವುದೇ ಸರಿ. ತರಿಸುವ ಮೊದಲು ನಿಮ್ಮದು ತಟ್ಟೆಗೆ ಕೂರುವುದೋ ಬೋರ್ಡಿಗೆ ಕೂರುವುದೋ ನೋಡಿಕೊಳ್ಳಿ, ಒಂದರ ಜಾಗದಲ್ಲಿ ಇನ್ನೊಂದು ಕೂರದೆ ಇರಬಹುದು. ಬಾರಿನ ಅಳತೆಯೂ ಬೇಕು. ಸಾಮಾನ್ಯವಾಗಿ ಅದು 6.25u, ಅಂದರೆ ಮಾಮೂಲಿ ಅಕ್ಷರದ ಕೀಯ ಆರೂಕಾಲು ಪಟ್ಟು ಅಗಲ. ಆಗ ಎರಡು ಸ್ಟೆಮ್‌ಗಳ ನಡುವೆ ಮಧ್ಯದಿಂದ ಮಧ್ಯಕ್ಕೆ 100 ಮಿಲಿಮೀಟರ್. ಶಾಲೆಯ ಸ್ಕೇಲಿನಲ್ಲೇ ಅಳೆಯಬಹುದು. ಸುಮಾರು 114 ಬಂದರೆ ನಿಮ್ಮದು 7u, ಅದಕ್ಕೆ ಬೇರೆ ತಂತಿ.