ಬಲದ ಮೊಮೆಂಟ್: ಮಳೆಗೆ ಉಬ್ಬಿದ ಬಾಗಿಲು, ಅಜ್ಜರಕಾಡಿನ ಸೀಸಾ

ಆಷಾಢದ ಮಳೆ ಹಿಡಿಯಿತೆಂದರೆ ಉಡುಪಿಯ ನಮ್ಮ ಮನೆಯ ಹಿಂಬಾಗಿಲು ನೀರು ಕುಡಿದು ಉಬ್ಬುತ್ತದೆ. ಚಿಲಕದ ಕಡೆಯ ಅಂಚು ದಾರಂದಕ್ಕೆ ಕಚ್ಚಿಕೊಂಡುಬಿಡುತ್ತದೆ. ಕಳೆದ ವಾರ ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದರಲ್ಲಿ ತರಕಾರಿ ಚೀಲ ಹಿಡಿದು ಬಂದವನು ಬಾಗಿಲಿನ ನಡುವಿಗೆ ಭುಜ ಕೊಟ್ಟು ನೂಕಿದೆ. ಅದು ಅಲುಗಲಿಲ್ಲ. ಒಳಗಿನಿಂದ ಅಮ್ಮ, "ನಡುವಿಗೆ ಯಾಕೆ ಗುದ್ದುತ್ತೀ ಮಾರಾಯ, ಹಿಡಿ ಇರುವಲ್ಲಿ ತಳ್ಳು" ಎಂದರು. ಹಾಗೆಯೇ ತಳ್ಳಿದೆ, ತೆರೆಯಿತು. ಮೊಮೆಂಟಿನ ಲೆಕ್ಕಗಳಲ್ಲಿ ಸತತವಾಗಿ ತಪ್ಪುತ್ತಿದ್ದ ನನಗೆ ಪಾಠ ಶುರುವಾದದ್ದು ಅಲ್ಲಿಂದ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಬಲವೊಂದು ವಸ್ತುವನ್ನು ಒಂದು ಬಿಂದುವಿನ ಸುತ್ತ ಎಷ್ಟರಮಟ್ಟಿಗೆ ತಿರುಗಿಸಬಲ್ಲದು ಎಂಬುದರ ಅಳತೆಯೇ ಮೊಮೆಂಟ್. ಬಲವನ್ನು ದೂರದಿಂದ ಗುಣಿಸಿದರೆ ಅದು ಸಿಗುತ್ತದೆ, ಮಾನ ನ್ಯೂಟನ್-ಮೀಟರ್. ಯಾವ ದೂರ ಎಂಬುದರಲ್ಲೇ ನಾನು ಎಡವಿದ್ದು. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಬಾಗಿಲಿನ ಲೆಕ್ಕ.

ಬಾಗಿಲಿನ ಅಗಲ 90 ಸೆಂಟಿಮೀಟರ್. ತಿರುಗುವುದು ಬಿಜಾಗರಿಯ ಸುತ್ತ. ದಾರಂದಕ್ಕೆ ಕಚ್ಚಿದ ಅಂಚು 60 ನ್ಯೂಟನ್ ಬಲದಿಂದ ತಡೆಯುತ್ತಿದೆ ಎಂದುಕೊಳ್ಳೋಣ, ಅಂದರೆ ಸುಮಾರು ಆರು ಕಿಲೋ ಭಾರದಷ್ಟು. ಆ ತಡೆಯ ಮೊಮೆಂಟ್ 60 × 0.9 = 54. ಬಾಗಿಲು ತೆರೆಯಬೇಕಾದರೆ ನನ್ನ ಕೈಯಿಂದಲೂ ಕನಿಷ್ಠ ಇಷ್ಟೇ ಬರಬೇಕು. ಹಿಡಿ ಇರುವುದು ಬಿಜಾಗರಿಯಿಂದ 75 ಸೆಂಟಿಮೀಟರ್ ದೂರದಲ್ಲಿ. ಅಲ್ಲಿ ತಳ್ಳಿದರೆ 54 ÷ 0.75, ಅಂದರೆ 72 ನ್ಯೂಟನ್ ಸಾಕು. ನಡುವಿನಲ್ಲಿ, 45 ಸೆಂಟಿಮೀಟರಿನಲ್ಲಿ ತಳ್ಳಿದರೆ 120 ನ್ಯೂಟನ್ ಬೇಕು. ಬಿಜಾಗರಿಯ ಪಕ್ಕ 15 ಸೆಂಟಿಮೀಟರಿನಲ್ಲಿ ತಳ್ಳಲು ಹೋದರೆ 360 ನ್ಯೂಟನ್, ಮೂವತ್ತಾರು ಕಿಲೋ ಮೂಟೆ ಎತ್ತುವಷ್ಟು ಬಲ! ಬಾಗಿಲು ಅದೇ, ತಡೆಯೂ ಅದೇ, ಕೈ ಇಡುವ ಜಾಗ ಮಾತ್ರ ಬೇರೆ.

ಇಷ್ಟು ನನಗೂ ಗೊತ್ತಿತ್ತು. ತಪ್ಪುತ್ತಿದ್ದುದು ಬಲ ಓರೆಯಾಗಿ ಬಿದ್ದಾಗ. ಹಿಡಿಗೆ ಹಗ್ಗ ಕಟ್ಟಿ ಓರೆಯಾಗಿ ಎಳೆದರೆ ಮೊಮೆಂಟ್ ಎಷ್ಟು ಎಂಬ ಪ್ರಶ್ನೆಗೆ ನಾನು ಪ್ರತಿ ಸಲವೂ ಬಾಗಿಲಿನ ಉದ್ದಕ್ಕೆ ಅಳೆದ ಆ 75 ಸೆಂಟಿಮೀಟರನ್ನೇ ಹಾಕುತ್ತಿದ್ದೆ. ಬಲ ಬೀಳುವ ಜಾಗ ಬದಲಾಗಿಲ್ಲ, ಹಾಗಾದರೆ ದೂರ ಹೇಗೆ ಬದಲಾದೀತು ಎಂಬುದು ನನ್ನ ವಾದ. ಪುಸ್ತಕದಲ್ಲಿದ್ದ "ಲಂಬ ದೂರ" ಎಂಬ ಮಾತನ್ನು ಕಣ್ಣು ಓದುತ್ತಿತ್ತು, ತಲೆ ಓದುತ್ತಿರಲಿಲ್ಲ.

ಕೊನೆಗೆ ನೆಲದ ಮೇಲೆಯೇ ಗೀಚಿ ನೋಡಿದೆ. ಒಳಗಿನ ಕೋಣೆಯ ಸಲೀಸಾದ ಬಾಗಿಲನ್ನು ಅರ್ಧ ತೆರೆದು, ಹಿಡಿಗೆ ಹಗ್ಗ ಕಟ್ಟಿ ನೆಲಕ್ಕೆ ಸಮಾನಾಂತರವಾಗಿ ಓರೆಗೆ ಬಿಗಿದು ಹಿಡಿದೆ. ಹಗ್ಗದ ನೇರಕ್ಕೆ ಅದರ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಆ ಗೆರೆಯನ್ನು ಎರಡೂ ಕಡೆಗೆ, ಹಗ್ಗ ಇಲ್ಲದ ಕಡೆಗೂ, ಉದ್ದಕ್ಕೆ ಬೆಳೆಸಿದೆ. ಬಲ ಸಾಗುವ ರೇಖೆ ಎಂದರೆ ಇದು. ಈ ಬೆಳೆಸುವ ಕೆಲಸವನ್ನು ನಾನು ಯಾವತ್ತೂ ಮಾಡಿರಲಿಲ್ಲ. ನಂತರ ಬಿಜಾಗರಿಯ ನೇರ ಕೆಳಗೆ ಒಂದು ಚುಕ್ಕಿ ಇಟ್ಟೆ. ಒಂದು ಪುಸ್ತಕ ತೆಗೆದುಕೊಂಡು ಅದರ ಒಂದು ಅಂಚನ್ನು ಗೆರೆಗೆ ತಾಗಿಸಿ, ಪಕ್ಕದ ಅಂಚು ಚುಕ್ಕಿಯ ನೇರಕ್ಕೆ ಬರುವವರೆಗೆ ಜಾರಿಸಿದೆ. ಪುಸ್ತಕದ ಮೂಲೆ ನಿಂತಲ್ಲಿಂದ ಚುಕ್ಕಿಗೆ ಎಷ್ಟಿದೆಯೋ ಅದೇ ಲಂಬ ದೂರ. ಹಗ್ಗಕ್ಕೂ ಬಾಗಿಲಿಗೂ ನಡುವೆ 30 ಡಿಗ್ರಿ ಇದ್ದಾಗ ಆ ದೂರ 37.5 ಸೆಂಟಿಮೀಟರ್ ಆಗಬೇಕು, 75ರ ಸರಿಯಾಗಿ ಅರ್ಧ. 72 ನ್ಯೂಟನ್ನಿನಿಂದ ಹೀಗೆ ಎಳೆದರೆ ಸಿಗುವ ಮೊಮೆಂಟ್ 27 ಮಾತ್ರ. ನಮ್ಮ ಹಿಂಬಾಗಿಲು ಅದಕ್ಕೆ ಜಗ್ಗುವುದಿಲ್ಲ.

ಹಗ್ಗವನ್ನು ಇನ್ನೂ ಓರೆ ಮಾಡುತ್ತ ಹೋದರೆ ಗೆರೆ ಚುಕ್ಕಿಯ ಕಡೆಗೆ ಸರಿಯುತ್ತದೆ. ಬಾಗಿಲಿನ ಉದ್ದಕ್ಕೆ, ಬಿಜಾಗರಿಯ ನೇರಕ್ಕೇ ಎಳೆದರೆ ಗೆರೆ ಚುಕ್ಕಿಯ ಮೇಲೆಯೇ ಹಾದುಹೋಗುತ್ತದೆ, ದೂರ ಸೊನ್ನೆ. ಎಷ್ಟೇ ಜೋರಾಗಿ ಎಳೆದರೂ ಬಾಗಿಲು ತಿರುಗದು, ಬಿಜಾಗರಿಯ ಸ್ಕ್ರೂ ಸಡಿಲವಾದೀತು ಅಷ್ಟೇ. ಸೂತ್ರದಲ್ಲಿ ಬರುವ `sin θ` ಮಾಡುವುದೂ ಪುಸ್ತಕದ ಮೂಲೆ ಮಾಡಿದ ಕೆಲಸವನ್ನೇ:

```
M = F × d × sin θ
M = 72 × 0.75 × sin 30° = 27
```

ಇಲ್ಲಿ θ ಎಂದರೆ ಬಾಗಿಲಿಗೂ ಬಲಕ್ಕೂ ನಡುವಿನ ಕೋನ. ಲಂಬದಿಂದ ಅಳೆದ ಕೋನ ಕೊಟ್ಟಿದ್ದರೆ `cos` ಬರುತ್ತದೆ. ನಾನು ಈಗ ಎರಡನ್ನೂ ಬಾಯಿಪಾಠ ಮಾಡುವುದಿಲ್ಲ, ಗೆರೆ ಎಳೆದು ನೋಡುತ್ತೇನೆ.

ಮಕ್ಕಳು ಎರಡು ತುದಿಯಲ್ಲಿ ಕುಳಿತು ಏರಿಳಿಯುವ ಸೀಸಾದ ಲೆಕ್ಕ ಇದಕ್ಕಿಂತ ಸುಲಭ, ಏಕೆಂದರೆ ಹಲಗೆ ಮಟ್ಟವಾಗಿದ್ದಾಗ ಭಾರಗಳು ನೇರ ಕೆಳಕ್ಕೆ ಎಳೆಯುತ್ತವೆ, ಲಂಬ ದೂರ ಹಲಗೆಯ ಮೇಲೆಯೇ ಸಿಗುತ್ತದೆ. ಅಜ್ಜರಕಾಡಿನ ಉದ್ಯಾನದಲ್ಲಿ ಅಕ್ಕನ ಮಗಳು ತುದಿಯಲ್ಲಿ ಕುಳಿತಿದ್ದಾಳೆ: 20 ಕಿಲೋ, ಹಲಗೆ ತಿರುಗುವ ಆನಿಕೆಯಿಂದ 1.5 ಮೀಟರ್. ನಾನು 60 ಕಿಲೋ. ಸಮವಾಗಲು ನಾನು ಆನಿಕೆಯಿಂದ ಅರ್ಧ ಮೀಟರಿನಲ್ಲಿ ಕೂರಬೇಕು. ಎರಡೂ ಕಡೆ 30 ಬರುತ್ತದೆ. ಕಿಲೋವನ್ನು ನ್ಯೂಟನ್‌ಗೆ ತಿರುಗಿಸದಿದ್ದರೂ ನಡೆಯುತ್ತದೆ, ಎರಡು ಕಡೆಯಲ್ಲೂ 9.8 ಇರುವುದರಿಂದ ಹೊಡೆದುಹೋಗುತ್ತದೆ. ಹಲಗೆಯ ಸ್ವಂತ ಭಾರ ಆನಿಕೆಯ ಮೂಲಕವೇ ಹಾದುಹೋಗುತ್ತದೆ, ಅದರ ಮೊಮೆಂಟ್ ಸೊನ್ನೆ. ಬಾಗಿಲಿನ ಉದ್ದಕ್ಕೆ ಎಳೆದ ಹಗ್ಗದ ಕಥೆಯೇ ಇದು.

ಲಂಬ ದೂರದ ಹುಚ್ಚು ಹಿಡಿದ ಮೇಲೆ ಹೊಸ ಸಂಶಯವೊಂದು ಹುಟ್ಟಿತು. ಹಲಗೆ ವಾಲಿದಾಗ ಅವಳ ಲಂಬ ದೂರ ಕಡಿಮೆಯಾಗುತ್ತದಲ್ಲ, ಸಮತೋಲ ಕೆಡಬೇಡವೇ? 20 ಡಿಗ್ರಿ ವಾಲಿದಾಗ ಅವಳ ದೂರ 1.41 ಮೀಟರಿಗೆ ಇಳಿಯುತ್ತದೆ. ಆದರೆ ನನ್ನದೂ 0.47ಕ್ಕೆ ಇಳಿಯುತ್ತದೆ. 20 × 1.41 ಮತ್ತು 60 × 0.47 ಎರಡೂ 28.2. ಇಬ್ಬರ ದೂರವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಕಾಗದದ ಮೇಲಿನ ಸಮತೋಲ ಕೆಡುವುದಿಲ್ಲ.

ಉದ್ಯಾನದಲ್ಲಿ ಮಾತ್ರ ಕೆಡುತ್ತದೆ. ನಮ್ಮ ಭಾರದ ಕೇಂದ್ರ ಹಲಗೆಯಲ್ಲಿಲ್ಲ, ಅದರ ಮೇಲೆ ಹೊಟ್ಟೆಯ ಮಟ್ಟದಲ್ಲಿದೆ. ಹಲಗೆ ವಾಲಿದಾಗ ಕೆಳಗಿಳಿದವನ ದೇಹ ಆನಿಕೆಯಿಂದ ಹೊರಕ್ಕೆ ವಾಲುತ್ತದೆ, ಮೇಲೇರಿದವರದು ಆನಿಕೆಯತ್ತ ವಾಲುತ್ತದೆ. ಒಬ್ಬರ ದೂರ ಹೆಚ್ಚು, ಇನ್ನೊಬ್ಬರದು ಕಡಿಮೆ. ಹೀಗಾಗಿ ಕೆಳಗಿಳಿದ ಕಡೆ ಇನ್ನೂ ಇಳಿಯುತ್ತದೆ. ಲೆಕ್ಕ ಹಾಕಿ ಕುಳಿತರೂ ನನ್ನ ಕಡೆಯ ತುದಿ ನೆಲಕ್ಕೆ ತಾಗಿ, ಅವಳು ಮೇಲೆ ಕಾಲಾಡಿಸುತ್ತ "ಮಾಮ, ಇಳಿಸಿ" ಎಂದು ಕೂಗಿದ್ದು ಇದೇ ಕಾರಣಕ್ಕೆ. ಮುಂದಕ್ಕೆ ಬಗ್ಗು ಎಂದು ಅವಳಿಗೆ ಹೇಳಿದರೆ ಇನ್ನಷ್ಟು ಕೆಡುತ್ತದೆ, ನಾನೇ ಆನಿಕೆಯತ್ತ ಬಗ್ಗಬೇಕು.

ಹೀಗೆ ಒಂದು ಆನಿಕೆಯ ಸುತ್ತ ತಿರುಗುವ ಸಾಧನವೇ ಸನ್ನೆ. ಅದರ ಮೂರು ವರ್ಗಗಳನ್ನು ಉರು ಹೊಡೆಯುವ ಅಗತ್ಯ ನನಗೆ ಕಾಣಲಿಲ್ಲ. ಆನಿಕೆ, ಭಾರ, ನಾವು ಹಾಕುವ ಬಲ, ಈ ಮೂರರಲ್ಲಿ ನಡುವೆ ಯಾವುದಿದೆ ಎಂದು ನೋಡಿದರೆ ಸಾಕು. ಸೀಸಾದಲ್ಲಿ ನಡುವೆ ಆನಿಕೆ, ಅದು ಮೊದಲನೆಯದು. ಅಡಕತ್ತರಿಯಲ್ಲಿ ನಡುವೆ ಅಡಕೆ, ಅಂದರೆ ಭಾರ, ಅದು ಎರಡನೆಯದು. ನಮ್ಮ ಉಬ್ಬಿದ ಬಾಗಿಲಿನಲ್ಲಿ ತಡೆ 90ರಲ್ಲಿ, ಕೈ 75ರಲ್ಲಿ, ನಡುವೆ ಇರುವುದು ನನ್ನ ಬಲ. ಹಾಗಾಗಿ ಅದು ಮೂರನೆಯದು, ಹಿಡಿಯಲ್ಲೇ ತಳ್ಳಿದರೂ 60ರ ತಡೆಗೆ 72 ಕೊಡಬೇಕಾಯಿತು. ಅಡಕತ್ತರಿಯಲ್ಲಿ ಇದು ತಿರುವುಮುರುವು: ಕೀಲಿನಿಂದ 3 ಸೆಂಟಿಮೀಟರಿನಲ್ಲಿ ಅಡಕೆ, 15ರಲ್ಲಿ ಕೈ ಇದ್ದರೆ ಅಡಕೆಯ ಮೇಲೆ ಬೀಳುವ ಬಲ ಕೈಬಲದ ಐದು ಪಟ್ಟು. ಅಡಕೆಯನ್ನು ಕೀಲಿನಿಂದ ದೂರ ಸರಿಸಿ ಇಟ್ಟವರಿಗೆ ಅದು ಅಷ್ಟು ಸುಲಭವಾಗಿ ಒಡೆಯುವುದಿಲ್ಲ.